ತರಬೇತುದಾರರಿಗೊಂದು ಅಭಿಪ್ರಾಯ ಪತ್ರ

ಕಾರ್ಯಾಗಾರ ಮುಗಿದ ಮೇಲೆ ಶಿಬಿರಾರ್ಥಿಗಳು ತರಬೇತುದಾರರಿಗೆ ಬರೆಯುವ ಅಭಿಪ್ರಾಯ ಪತ್ರದಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ: ಏನು ಕಲಿಸಿದರು, ಹೇಗೆ ಕಲಿಸಿದರು, ಕಲಿತದ್ದು ಕೆಲಸಕ್ಕೆ ಬಂತೇ. ಮೊದಲೆರಡನ್ನು ಕೊನೆಯ ದಿನವೇ ಬರೆಯಬಹುದು. ಮೂರನೆಯದಕ್ಕೆ ಒಂದು ತಿಂಗಳಾದರೂ ಕಾಯಬೇಕು. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ಬರೆದ ಲೇಖನಗಳಲ್ಲಿ ತರಬೇತಿಯ ಫಲವನ್ನು ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಪರಿಣಾಮ ಎಂದು ವಿಂಗಡಿಸಿದರು. ಬಸ್ಸು ಹಿಡಿಯುವ ಅವಸರದಲ್ಲಿ ತುಂಬಿಕೊಡುವ ನಮೂನೆಯಿಂದ ತಿಳಿಯುವುದು ಹೆಚ್ಚಾಗಿ ಮೊದಲನೆಯದು ಮಾತ್ರ.

ಮಕ್ಕಳ ಬೆಳವಣಿಗೆ ಅಳೆಯುವುದನ್ನು ಎರಡು ದಿನ ಕಲಿತ ಅಂಗನವಾಡಿ ಕಾರ್ಯಕರ್ತೆಯರು ಇಂಥ ಪತ್ರ ಬರೆಯುತ್ತಾರೆ ಎಂದುಕೊಳ್ಳೋಣ. ವಿಷಯದ ಭಾಗದಲ್ಲಿ ‘ಮಾಹಿತಿ ಚೆನ್ನಾಗಿತ್ತು’ ಎಂದರೆ ತರಬೇತುದಾರರಿಗೆ ಏನೂ ಸಿಗುವುದಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ ಎಂಬುದು ಮನದಟ್ಟಾಯಿತು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕೆಂದರು, ಆದರೆ ಮಗು ಮಲಗಲು ಒಪ್ಪದಿದ್ದರೆ ಏನು ಮಾಡಬೇಕೆಂದು ಹೇಳಲಿಲ್ಲ. ಹೀಗೆ ಬರೆದರೆ ಪಾಠದಲ್ಲಿ ಬಿಟ್ಟುಹೋದದ್ದು ಗೊತ್ತಾಗುತ್ತದೆ. ನಿಲ್ಲಿಸಿ ಅಳೆದು 0.7 ಸೆಂ.ಮೀ. ಸೇರಿಸಬೇಕು ಎಂಬ ಒಂದು ವಾಕ್ಯ ಮುಂದಿನ ತಂಡದ ಪಾಠಕ್ಕೆ ಸೇರುತ್ತದೆ.

ಕಲಿಸಿದ ರೀತಿಯ ಬಗ್ಗೆ ಬರೆಯುವಾಗ ಹಿಂಜರಿಕೆ ಸಹಜ. ವ್ಯಕ್ತಿಯ ಸ್ವಭಾವ ಬಿಟ್ಟು ಕೊಠಡಿಯಲ್ಲಿ ನಡೆದದ್ದನ್ನು ಹೇಳಿದರೆ ನೋವಾಗುವುದಿಲ್ಲ. ‘ಬೇಗ ಬೇಗ ಹೇಳಿದಿರಿ’ ಎನ್ನುವುದಕ್ಕಿಂತ ‘ಮೂವತ್ತು ಜನಕ್ಕೆ ಎರಡೇ ಟೇಪು ಇದ್ದವು, ಹಿಂದಿನ ಸಾಲಿನವರ ಕೈಗೆ ಅವು ಬರಲೇ ಇಲ್ಲ’ ಎನ್ನುವುದು ಮೇಲು. ತಂಡದಲ್ಲಿ ಒಮ್ಮತವಿಲ್ಲದ ಕಡೆ ‘ಎಲ್ಲರಿಗೂ’ ಎಂದು ಬರೆಯದೆ, ಎಷ್ಟು ಜನರ ಅನಿಸಿಕೆ ಎಂದು ಬರೆಯುವುದು ಪ್ರಾಮಾಣಿಕ.

ಮೂರನೆಯ ಭಾಗವೇ ಪತ್ರದ ತಿರುಳು, ಹೆಚ್ಚಾಗಿ ಖಾಲಿ ಉಳಿಯುವುದೂ ಅದೇ. ತಿಂಗಳ ಬಳಿಕ ಕಾರ್ಯಕರ್ತೆಯೊಬ್ಬರು ಹೀಗೆ ಬರೆಯಬಹುದು: ‘ಟೇಪು ದಿನವೂ ಬಳಸುತ್ತಿದ್ದೇನೆ. ಎಡತೋಳಿನಲ್ಲಿ ಭುಜದ ತುದಿಗೂ ಮೊಣಕೈಗೂ ನಡುವಿನ ಜಾಗವನ್ನು ಗುರುತು ಹಾಕದೆ ಕಣ್ಣಳತೆಯಲ್ಲೇ ಹಿಡಿಯುತ್ತಿದ್ದೇನೆ, ಒಂದೇ ಮಗುವಿಗೆ ಎರಡು ಸಲ ಬೇರೆ ಬೇರೆ ಅಳತೆ ಬಂತು.’ ಪಾಠ ತಲೆಗೆ ಹತ್ತಿದೆ, ಕೈಗೆ ಇಳಿದಿಲ್ಲ. ಇದಕ್ಕೆ ಮತ್ತೊಂದು ಉಪನ್ಯಾಸ ಬೇಡ, ಅರ್ಧ ದಿನದ ಅಭ್ಯಾಸ ಸಾಕು.

ಇನ್ನೊಬ್ಬರು ಕಲಿತದ್ದನ್ನು ಬಳಸಲೇ ಇಲ್ಲ, ಏಕೆಂದರೆ ಅವರ ಕೇಂದ್ರದ ತೂಕದ ಯಂತ್ರ ಕೆಟ್ಟಿದೆ. ಇದು ತರಬೇತಿಯ ದೋಷವಲ್ಲ. ಆದರೂ ಪತ್ರದಲ್ಲಿ ಪ್ರತ್ಯೇಕವಾಗಿ ನಮೂದಿಸಿ, ಒಂದು ಪ್ರತಿಯನ್ನು ಮೇಲ್ವಿಚಾರಕಿಗೆ ಕಳಿಸಬೇಕು. ಯಂತ್ರ ರಿಪೇರಿ ಮಾಡಿಸುವುದು ತರಬೇತುದಾರರ ಕೈಯಲ್ಲಿಲ್ಲ.