ಹೊರಚಾಚುವ ಹೆಗಲೆಲುಬು

ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೆ ಸಂಜೆಯಾದರೆ ಬೆನ್ನಿನ ಮೇಲ್ಭಾಗ ಹಿಡಿದುಕೊಳ್ಳುತ್ತದೆ. ಕೆಲವರಿಗೆ ಮೌಸ್ ಹಿಡಿಯುವ ಕಡೆಯ ಹೆಗಲೆಲುಬಿನ ಒಳಅಂಚು ಅಂಗಿಯ ಮೇಲಿಂದಲೇ ಎದ್ದು ಕಾಣುತ್ತದೆ. ಈ ಚಪ್ಪಟೆ ಮೂಳೆಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯುವುದು ಕಂಕುಳ ಕೆಳಗಿನ ಸೆರೇಟಸ್ ಸ್ನಾಯು. ಅದು ದುರ್ಬಲವಾದರೆ ಮೂಳೆಯ ಅಂಚು ಹೊರಬರುತ್ತದೆ, ಕುತ್ತಿಗೆಯ ಸ್ನಾಯುಗಳು ಹೆಚ್ಚು ದುಡಿದು ನೋಯುತ್ತವೆ.

ಗೋಡೆಗೆ ಎರಡೂ ಅಂಗೈ ಒತ್ತಿ ನಿಲ್ಲಿ. ಹಿಂದಿನಿಂದ ಮನೆಯವರು ನೋಡಲಿ. ಒತ್ತಿದಾಗ ಅಂಚು ಇನ್ನಷ್ಟು ಎದ್ದರೆ ಬಲಪಡಿಸಬೇಕಾದದ್ದು ಈ ಸ್ನಾಯುವನ್ನೇ. ಹೆಗಲನ್ನು ಸದಾ ಹಿಂದಕ್ಕೆ ಎಳೆದು ಕೂರುವುದರಿಂದ ಇದಕ್ಕೆ ಕೆಲಸ ಸಿಗುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ವ್ಯಾಯಾಮಕ್ಕೂ ಅದೇ ಗೋಡೆ ಸಾಕು. ಅಂಗೈಗಳು ಎದೆಯ ಎತ್ತರದಲ್ಲಿರಲಿ, ಮೊಣಕೈ ನೇರವಾಗಿರಲಿ. ಮೊದಲು ಎದೆಯನ್ನು ನಿಧಾನವಾಗಿ ಗೋಡೆಯತ್ತ ಇಳಿಬಿಡಿ, ಹೆಗಲೆಲುಬುಗಳು ಹತ್ತಿರವಾಗುತ್ತವೆ. ಆಮೇಲೆ ಮೊಣಕೈ ಮಡಚದೆ ಗೋಡೆಯನ್ನು ದೂರ ತಳ್ಳಿ, ಮೇಲ್ಬೆನ್ನು ತುಸು ದುಂಡಗಾಗುವವರೆಗೆ. 3 ಸೆಕೆಂಡು ಹಿಡಿದು ಬಿಡಿ. 10 ಸಲ ಮಾಡಿ, ಸ್ವಲ್ಪ ವಿರಾಮ ಕೊಟ್ಟು ಮತ್ತೊಮ್ಮೆ 10. ಆಯಾಸ ಕಂಕುಳ ಕೆಳಗೆ, ಪಕ್ಕೆಯ ಮೇಲೆ ಗೊತ್ತಾಗಬೇಕು. ಕುತ್ತಿಗೆ ಬಿಗಿದರೆ ನೀವು ಹೆಗಲನ್ನು ಕಿವಿಯತ್ತ ಏರಿಸುತ್ತಿದ್ದೀರಿ ಎಂದರ್ಥ, ಇಳಿಸಿ ಮುಂದುವರಿಸಿ. ಗೋಡೆ ಸುಲಭವಾದ ಮೇಲೆ ಅಲುಗಾಡದ ಮೇಜಿನ ಅಂಚು, ನಂತರ ನೆಲದಲ್ಲಿ ಮೊಣಕಾಲೂರಿ. ಬಲ ಕೂಡಲು ಹಲವು ವಾರ ಬೇಕು.

ಆದರೆ ಪೆಟ್ಟು ಬಿದ್ದ ಮೇಲೆ ಅಥವಾ ಹಠಾತ್ ತೀವ್ರ ನೋವಿನ ನಂತರ ಮೂಳೆ ಎದ್ದಿದ್ದರೆ, ಕೈ ಹೆಗಲಿಗಿಂತ ಮೇಲೇರದಿದ್ದರೆ, ಆ ಸ್ನಾಯುವಿನ ನರಕ್ಕೇ ತೊಂದರೆಯಾಗಿರಬಹುದು. ಆಗ ವ್ಯಾಯಾಮಕ್ಕಿಂತ ಮೊದಲು ಮೂಳೆತಜ್ಞರನ್ನೋ ನರರೋಗ ತಜ್ಞರನ್ನೋ ಕಾಣಬೇಕು.