ಮೂರು ವಾರ ದಾಟಿದ ಕೆಮ್ಮು

ನೆಗಡಿಯ ಜೊತೆ ಬಂದ ಕೆಮ್ಮು ಸಾಮಾನ್ಯವಾಗಿ ಮೂರು ವಾರದೊಳಗೆ ಇಳಿಯುತ್ತದೆ. ಇಳಿಯದಿದ್ದರೆ ಮತ್ತೊಂದು ಬಾಟಲಿ ಸಿರಪ್ ತರುವ ಮೊದಲು ಎರಡು ರೋಗಗಳನ್ನು ನೆನೆಯಬೇಕು: ಕ್ಷಯ ಮತ್ತು ನಾಯಿಕೆಮ್ಮು.

ಮನೆಯಲ್ಲಿ ಎರಡು ತಿಂಗಳ ಕೂಸಿದೆ, ಅಜ್ಜಿಗೆ ನಾಲ್ಕು ವಾರದಿಂದ ಕೆಮ್ಮು ಎಂದುಕೊಳ್ಳಿ. ಸಂಜೆ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಕಫದಲ್ಲಿ ರಕ್ತ ಇದ್ದರೆ ಕ್ಷಯದ ಅನುಮಾನ ಬಲವಾಗುತ್ತದೆ. ಆದರೆ ಇವು ಯಾವುವೂ ಇಲ್ಲದೆಯೂ ಕ್ಷಯ ಇರಬಹುದು. ಹಾಗಾಗಿಯೇ ನಮ್ಮ ದೇಶದಲ್ಲಿ ಕೆಮ್ಮು ಎರಡು ವಾರ ದಾಟಿದರೆ ಸಾಕು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡುತ್ತಾರೆ. ಡಬ್ಬಿಗೆ ಬೇಕಿರುವುದು ಎಂಜಲಲ್ಲ, ಎದೆಯಾಳದಿಂದ ಕೆಮ್ಮಿ ತೆಗೆದ ಗಟ್ಟಿ ಕಫ. ಬೆಳಗ್ಗೆ ಎದ್ದೊಡನೆ ತೆಗೆದದ್ದು ಉತ್ತಮ. ಬರೀ ಎಂಜಲು ಕೊಟ್ಟರೆ ರೋಗವಿದ್ದೂ ಇಲ್ಲವೆಂಬ ವರದಿ ಬರಬಹುದು.

ನಾಯಿಕೆಮ್ಮಿನ ರೀತಿ ಬೇರೆ. ಜ್ವರ ಇಲ್ಲವೇ ಇಲ್ಲ ಎನ್ನುವಷ್ಟು. ಕೆಮ್ಮು ಉಸಿರೆಳೆಯಲು ಬಿಡದೆ ಒಂದೇ ಸಮನೆ ಬಂದು, ಕೊನೆಗೆ ವಾಂತಿಯಾಗುತ್ತದೆ. ಎರಡು ಸರದಿಗಳ ನಡುವೆ ಮನುಷ್ಯ ಆರಾಮಾಗಿರುತ್ತಾನೆ. ದೊಡ್ಡವರಲ್ಲಿ 'ಹೂಪ್' ಎಂಬ ಸದ್ದು ಕೇಳಿಸದೇ ಇರಬಹುದು. ಬಾಲ್ಯದ ಲಸಿಕೆಯ ರಕ್ಷಣೆ ವರ್ಷಗಳು ಕಳೆದಂತೆ ಕುಂದುವುದರಿಂದ ಅಜ್ಜಿಗೂ ಇದು ಬರಬಹುದು.

ಇದು ಅಜ್ಜಿಯನ್ನು ಸುಸ್ತುಮಾಡಬಹುದು, ಕೂಸಿಗೆ ಪ್ರಾಣಾಪಾಯ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗಳು ಮುಗಿಯುವವರೆಗೆ ಅದರ ರಕ್ಷಣೆ ಅರ್ಧಂಬರ್ಧ. ಎಳೆಗೂಸು ಕೆಮ್ಮದೆಯೇ ಉಸಿರು ನಿಲ್ಲಿಸಿ ನೀಲಿಗಟ್ಟಬಹುದು. ಹಾಗಾದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಅಜ್ಜಿಯ ವರದಿ ಬರುವ ತನಕ ಕೂಸನ್ನು ಬೇರೆ ಕೋಣೆಯಲ್ಲಿ ಮಲಗಿಸಿ.