ಸಾವಿನ ಮನೆಯವರು ಏನೆಂದು ಉತ್ತರ ಕೊಡಬೇಕು?

ಹಾಸನದಲ್ಲಿರುವ ನನ್ನ ಸೋದರಮಾವ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎರಡು ವರ್ಷ ಡಯಾಲಿಸಿಸ್‌ಗೆ ಓಡಾಡಿದ ಅತ್ತೆ ಕಳೆದ ವರ್ಷ ಫೆಬ್ರವರಿಯಲ್ಲಿ ಮನೆಯಲ್ಲೇ ತೀರಿಕೊಂಡರು. ಮೂರನೇ ದಿನದ ಹಾಲುತುಪ್ಪ ಮುಗಿದ ಮೇಲೂ ಮಾತಾಡಿಸಲು ಬರುವವರು ನಿಲ್ಲಲಿಲ್ಲ. ಯಾರಾದರೂ ಕೈ ಹಿಡಿದು "ಹೀಗಾಗಬಾರದಿತ್ತು ಸಾರ್" ಎಂದರೆ ಮಾವ "ಇರ್ಲಿ ಬಿಡಿ, ಕೂತ್ಕೊಳ್ಳಿ, ಕಾಫಿ ತರಿಸ್ತೀನಿ" ಎನ್ನುತ್ತ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಒಲೆಯ ಮುಂದೆ ನಿಂತಿದ್ದ ನನಗೆ ಒಮ್ಮೆ ಹೇಳಿದರು: "ಅವರು ಅಳ್ತಾರೆ ಕಣಮ್ಮ, ನಾನೇ ಸಮಾಧಾನ ಮಾಡ್ಬೇಕು. ಏನ್ ಹೇಳ್ಬೇಕು ಅಂತಾನೇ ಗೊತ್ತಾಗಲ್ಲ."

ಗೊತ್ತಾಗದೇ ಇರುವುದಕ್ಕೆ ಕಾರಣವಿದೆ. ಸಾವಿನ ಮನೆಯಲ್ಲಿ ಇಂಥದ್ದೇ ಮಾತು ಆಡಬೇಕು, ಅದಕ್ಕೆ ಇಂಥದ್ದೇ ಉತ್ತರ ಕೊಡಬೇಕು ಎಂಬ ರೂಢಿ ನಮ್ಮಲ್ಲಿಲ್ಲ. ಬಂದವರು ಸುಮ್ಮನೆ ಕೂರುತ್ತಾರೆ, ಸ್ವಲ್ಪ ಹೊತ್ತಿಗೆ "ಬರ್ತೀನಿ" ಎನ್ನದೆ ಎದ್ದು ಹೋಗುತ್ತಾರೆ. ಮನೆಯವರೂ "ಹೋಗ್ಬನ್ನಿ" ಎನ್ನುವುದಿಲ್ಲ. ಮಾತಿನ ಕೆಲಸವನ್ನು ಮೌನವೇ ಮಾಡುತ್ತಿತ್ತು. ಈಗ ಆ ಮೌನವನ್ನು ಫೋನಿನಲ್ಲಿ ಕಳಿಸಲಾಗುವುದಿಲ್ಲ. ಅತ್ತೆ ಹೋದ ದಿನವೇ ಮಾವನ ವಾಟ್ಸಾಪ್‌ನಲ್ಲಿ ನೂರಕ್ಕೂ ಹೆಚ್ಚು "ಓಂ ಶಾಂತಿ"ಗಳು ಬಂದು ಕುಳಿತಿದ್ದವು.

ಮಾವನ ಮಗ ಅಮೆರಿಕದಲ್ಲಿದ್ದಾನೆ. ಕೆಲಸಕ್ಕೆ ಮರಳಿದ ದಿನ ಅವನ ಆಫೀಸಿನವರು ಒಬ್ಬೊಬ್ಬರಾಗಿ ಬಂದು "ಸಾರಿ ಫಾರ್ ಯುವರ್ ಲಾಸ್" ಎಂದರಂತೆ. ಅವನಿಗೆ ಅದು ತಪ್ಪೊಪ್ಪಿಗೆಯ ಹಾಗೆ ಕೇಳಿಸಿ "ಇಟ್ಸ್ ಓಕೆ" ಎಂದುಬಿಟ್ಟ. ಅಮ್ಮ ಸತ್ತದ್ದನ್ನು ಓಕೆ ಎಂದೆನಲ್ಲ ಎಂದು ರಾತ್ರಿಯೆಲ್ಲ ಕೊರಗಿದ. ಅಲ್ಲಿ ಆ 'ಸಾರಿ' ಕ್ಷಮೆ ಕೇಳುವ ಮಾತಲ್ಲ, 'ನನಗೂ ಬೇಸರವಾಯಿತು' ಎಂದಷ್ಟೇ ಅರ್ಥ. ಅದಕ್ಕೆ "ಥ್ಯಾಂಕ್ಯೂ" ಎಂದರೆ ಸಾಕು, ಹೇಳಿದವರು ಅದಕ್ಕಿಂತ ಹೆಚ್ಚೇನೂ ಕಾಯುತ್ತಿರುವುದಿಲ್ಲ.

ಕನ್ನಡದಲ್ಲಿ ಸಾವಿನ ಮನೆಯಲ್ಲಿ ನಿಂತು ಥ್ಯಾಂಕ್ಸ್ ಅನ್ನಲು ನಾಲಿಗೆ ಏಳುವುದಿಲ್ಲ, ಅದು ಮುಯ್ಯಿ ಪಡೆದಾಗ ಹೇಳುವ ಮಾತು. ನಮ್ಮ ಹಿರಿಯರ ಬಾಯಲ್ಲಿ ಬೇರೆ ಮಾತುಗಳಿದ್ದವು: "ಬಂದ್ರಲ್ಲ, ಅಷ್ಟೇ ಸಾಕು." "ನೀವು ಬಂದಿದ್ದು ಒಳ್ಳೇದಾಯ್ತು." "ಅವಳಿಗೆ ನಿಮ್ಮನ್ನ ಕಂಡ್ರೆ ಇಷ್ಟ ಇತ್ತು." ಇವುಗಳಲ್ಲಿ ನಾನು ಹೇಗಿದ್ದೇನೆ ಎಂಬ ವರದಿ ಇಲ್ಲ. ಬಂದವರ ದುಃಖ ತಲುಪಿತು ಎಂಬ ಸುದ್ದಿ ಮಾತ್ರ ಇದೆ. ಉತ್ತರ ಕೊಡುವವರ ಕೆಲಸ ಅಷ್ಟೇ ಎಂದು ಮಾವನಿಗೆ ಹೇಳಿದೆ. ಮರುದಿನ ಹಳೆಯ ಸಹೋದ್ಯೋಗಿ ಬಂದಾಗ ಅವರು ಅಡುಗೆಮನೆಗೆ ಏಳಲಿಲ್ಲ. "ಬಂದ್ರಲ್ಲ" ಎಂದರು, ಆಮೇಲೆ ಇಬ್ಬರೂ ಸುಮ್ಮನೆ ಕೂತರು.

ಕಷ್ಟದ ಮಾತುಗಳು ಬೇರೆಯೇ ಇವೆ. "ನರಳೋದು ತಪ್ಪಿತು, ಒಳ್ಳೇದೇ ಆಯ್ತು" ಎಂದು ಬಂದವರಲ್ಲಿ ಎಷ್ಟೋ ಜನ ಹೇಳಿದರು. ಮನೆಯವರೇ ಹಾಗೆ ಅಂದುಕೊಳ್ಳುವುದು ಬೇರೆ, ಹೊರಗಿನವರು ಅದನ್ನು ತೀರ್ಪಿನಂತೆ ಹೇಳುವುದು ಬೇರೆ. ಮನಃಶಾಸ್ತ್ರಜ್ಞರಾದ ಲೇಮನ್, ಎಲ್ಲಾರ್ಡ್ ಮತ್ತು ವರ್ಟ್‌ಮನ್ ತಮ್ಮವರನ್ನು ಕಳೆದುಕೊಂಡವರನ್ನು ಮಾತಾಡಿಸಿ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಉಪದೇಶ, ಬೇಗ ಚೇತರಿಸಿಕೊಳ್ಳಿ ಎಂಬ ಒತ್ತಾಯ, ದುಃಖವನ್ನು ಸಣ್ಣದು ಮಾಡುವ ಮಾತು, ಇವು ನೆರವಾಗಲಿಲ್ಲ ಎಂದು ಅವರು ಹೇಳಿದ್ದರು. ಅದೇ ನೋವು ಕಂಡವರ ಜೊತೆ ಕೂರುವುದು, ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಲು ಅವಕಾಶ ಸಿಗುವುದು ನೆರವಾಗಿತ್ತು. ಇಂಥ ಮಾತಿಗೆ ಒಪ್ಪಬೇಕಾಗಿಲ್ಲ, ವಾದಿಸಬೇಕಾಗಿಯೂ ಇಲ್ಲ. "ಹೂಂ, ತುಂಬಾ ಕಷ್ಟಪಟ್ಟಳು" ಎಂದು ನಿಜವಾದ ಅರ್ಧವನ್ನಷ್ಟೇ ಎತ್ತಿಕೊಂಡು ನಿಲ್ಲಿಸಬಹುದು.

ಅದಕ್ಕಿಂತ ಹಿಂಸೆಯ ಪ್ರಶ್ನೆ "ಹೇಗಾಯ್ತು?" ಎಂಬುದು. ಕೊನೆಯ ರಾತ್ರಿಯ ಕತೆಯನ್ನು ಮಾವ ಎರಡೇ ದಿನದಲ್ಲಿ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ, ಪ್ರತಿ ಸಲವೂ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಆ ಪ್ರಶ್ನೆಯನ್ನು ಮನೆಯ ಬೇರೊಬ್ಬರು ವಹಿಸಿಕೊಳ್ಳಬೇಕು. ನಾವು ಹಾಗೇ ಮಾಡಿದೆವು. ಜಗುಲಿಯಲ್ಲಿ ನನ್ನ ತಮ್ಮ ಕೂತು, ಬಂದವರಿಗೆ ನಾಲ್ಕು ಮಾತಿನಲ್ಲಿ ಎಲ್ಲ ಹೇಳಿಯೇ ಒಳಗೆ ಬಿಡುತ್ತಿದ್ದ.

ಫೋನಿನ ಸಂದೇಶಗಳನ್ನು ಮಾವನ ಜೊತೆ ಕೂತು ವಿಂಗಡಿಸಿದೆವು. ಗ್ರೂಪುಗಳಲ್ಲಿ ಬಂದವಕ್ಕೆಲ್ಲ ಸೇರಿಸಿ ಒಂದೇ ಉತ್ತರ: "ನಿಮ್ಮೆಲ್ಲರ ಸಂದೇಶ ಓದಿದೆ. ಒಬ್ಬೊಬ್ಬರಿಗೂ ಬರೆಯಲು ಈಗ ಆಗುತ್ತಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಬನ್ನಿ." ಕೈಮುಗಿಯುವ ಚಿತ್ರ ಮಾತ್ರ ಕಳಿಸಿದವರಿಗೆ ಕೈಮುಗಿಯುವ ಚಿತ್ರವೇ ಹೋಯಿತು. ಉಳಿದದ್ದು ಒಂಬತ್ತು. ಅತ್ತೆ ಕಲಿಸಿದ ಹುಳಿಯನ್ನು, ಅವರು ಕೊಟ್ಟ ದಾಸವಾಳದ ಗಿಡವನ್ನು ನೆನೆದು ಬರೆದವರವು. ಅವಕ್ಕೆ ಅವಸರ ಬೇಡ, ಆಮೇಲೆ ಬರೆಯಿರಿ ಎಂದೆ. ತಡವಾಯಿತೆಂದು ಆ ಒಂಬತ್ತು ಜನರಲ್ಲಿ ಯಾರೂ ಬೇಸರಿಸಲಿಲ್ಲ.

ಇಷ್ಟಾದರೂ ಮಾವ ಯಾರ ಸಹಾಯವನ್ನೂ ಒಪ್ಪುತ್ತಿರಲಿಲ್ಲ. ಕಳಿಸಿದ ಊಟದ ಕ್ಯಾರಿಯರ್ ಹಾಗೇ ವಾಪಸ್ ಹೋಗುತ್ತಿತ್ತು. ಜೀವಮಾನವಿಡೀ ಬೇರೆಯವರಿಗೆ ಕೊಟ್ಟು ಅಭ್ಯಾಸವಾದವರಿಗೆ ತೆಗೆದುಕೊಳ್ಳುವುದೆಂದರೆ ಹಂಗು. ಇದು ಸೊಕ್ಕಲ್ಲ. ಮರುಕವನ್ನು ಒಪ್ಪಿದರೆ ತಾನು ಕುಸಿದೆ ಎಂದು ಒಪ್ಪಿದ ಹಾಗಾಗುತ್ತದೆ ಎಂಬ ಭಯ ಅದರ ಹಿಂದಿರುತ್ತದೆ.

ನಿಯಾಲ್ ಬೋಲ್ಗರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಒಂದು ಸಂಶೋಧನೆ ಇಲ್ಲಿ ನೆನಪಾಗುತ್ತದೆ. ಅದು ಸಾವಿಗೆ ಸಂಬಂಧಿಸಿದ್ದಲ್ಲ, ವಕೀಲಿ ಪರೀಕ್ಷೆಗೆ ಓದುತ್ತಿದ್ದವರದ್ದು. ಅವರೂ ಅವರ ಸಂಗಾತಿಗಳೂ ದಿನದಿನವೂ ದಿನಚರಿ ತುಂಬಿದರು. ಸಂಗಾತಿ ನೆರವಾದದ್ದು ಓದುವವರ ಗಮನಕ್ಕೇ ಬಾರದೆ ಹೋದಾಗ ಅದು ಹೆಚ್ಚು ಉಪಯೋಗವಾಯಿತು. ನೆರವು ಎದ್ದು ಕಂಡಾಗ ಮನಸ್ಸು ಕುಗ್ಗುವುದೂ ಇತ್ತು. ಬೇರೆ ಸಂದರ್ಭದ ಈ ಫಲಿತಾಂಶವನ್ನು ಸಾವಿನ ಮನೆಗೆ ಪೂರ್ತಿ ಹಚ್ಚಲಾಗದು. ಆದರೆ ಪಕ್ಕದ ಮನೆಯವರು ಮಾಡಿದ್ದನ್ನು ನೋಡಿದ ಮೇಲೆ ನಾನು ಅದನ್ನು ನಂಬುತ್ತೇನೆ.

ಅವರು "ಏನಾದ್ರೂ ಬೇಕಿದ್ರೆ ಹೇಳಿ" ಎನ್ನಲಿಲ್ಲ. ಹಾಗೆಂದರೆ ಏನು ಬೇಕೆಂದು ಯೋಚಿಸುವ ಕೆಲಸವೂ ದುಃಖದಲ್ಲಿರುವವರ ತಲೆಗೇ ಬರುತ್ತದೆ. ಮನೆಯಲ್ಲಿ ಸಾವಾದರೆ 21 ದಿನದೊಳಗೆ ನೋಂದಣಿಗೆ ತಿಳಿಸಬೇಕು. ಅವರು "ನಾಳೆ ಆ ಕಡೆ ಹೋಗ್ತಾ ಇದ್ದೀನಿ, ಆಧಾರ್ ಜೆರಾಕ್ಸ್ ಕೊಡಿ" ಎಂದರು. ಮರಣ ಪ್ರಮಾಣಪತ್ರದ ಹತ್ತು ಪ್ರತಿ ತಂದುಕೊಟ್ಟರು. ಬ್ಯಾಂಕು, ವಿಮೆ, ಅತ್ತೆಯ ಹೆಸರಲ್ಲಿದ್ದ ಗ್ಯಾಸ್, ಎಲ್ಲಕ್ಕೂ ಅದು ಬೇಕಿತ್ತು. ಅವರ ಹೆಂಡತಿ ಊಟವನ್ನು "ನಮ್ಮನೇಲಿ ಜಾಸ್ತಿ ಆಯ್ತು, ಕೆಡುತ್ತೆ" ಎಂದು ಕೊಟ್ಟರು. ಆ ಡಬ್ಬಿ ವಾಪಸ್ ಬರಲಿಲ್ಲ. ಸ್ವಲ್ಪ ದಿನದ ಮೇಲೆ ಅವರು ತಮ್ಮ ಮಗನಿಗೆ ಬ್ಯಾಂಕ್ ಪರೀಕ್ಷೆಯ ಲೆಕ್ಕ ಹೇಳಿಕೊಡಿ ಎಂದು ಮಾವನನ್ನೇ ಕೇಳಿದರು. ಕೊಡುವ ಕೈಗೆ ಮತ್ತೆ ಕೆಲಸ ಸಿಕ್ಕಿತು. ಆ ಹುಡುಗನ ಮುಂದೆಯೇ ಮಾವ ಮೊದಲ ಸಲ ಅತ್ತೆಯ ಮಾತೆತ್ತಿ ಅತ್ತರಂತೆ.

ಸಹಾನುಭೂತಿ ಒಪ್ಪದವರೆಲ್ಲರಿಗೂ ಚಿಕಿತ್ಸೆ ಬೇಕಿಲ್ಲ. ಅಳದೆ, ಕೆಲಸ ಮಾಡುತ್ತಲೇ ದುಃಖ ಕಳೆಯುವವರಿದ್ದಾರೆ. ಆದರೆ ಆರು ತಿಂಗಳು ದಾಟಿದರೂ ಹಗಲೂ ರಾತ್ರಿ ಅದೇ ತೀವ್ರ ಹಂಬಲ, ದಿನದ ಕೆಲಸವೂ ನಿಂತುಹೋದ ಸ್ಥಿತಿ ಇದ್ದರೆ ವೈದ್ಯರ ಹತ್ತಿರ ಕರೆದೊಯ್ಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಂದು ಕಾಯಿಲೆಯೆಂದೇ ಪಟ್ಟಿ ಮಾಡಿದೆ. ಬದುಕೇ ಬೇಡ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮಾವ ಆ ಒಂಬತ್ತು ಸಂದೇಶಗಳಿಗೆ ಉತ್ತರ ಬರೆದದ್ದು ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಮನೆಗೆ ಬರುವವರು ನಿಂತಿದ್ದರು. ನಿಮಗೆ ಗೊತ್ತಿರುವವರ ಮನೆಯಲ್ಲಿ ನಾಲ್ಕೈದು ತಿಂಗಳ ಹಿಂದೆ ಸಾವಾಗಿದ್ದರೆ, ಈ ಭಾನುವಾರ ಒಂದು ಗಂಟೆ ಹೋಗಿ ಕೂತು ಬನ್ನಿ.